ಪಟ್ಟಿ ಬರೆದಿಟ್ರೂ ತಲೆ ಯಾಕೆ ಸುಮ್ನಾಗಲ್ಲ?

ಪ್ರಶ್ನೆ: ಮೇಡಂ ನಮಸ್ತೆ. ನನಗೆ 42 ವರ್ಷ, ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ. ಎಂಟು ತಿಂಗಳ ಹಿಂದೆ ಅಪ್ಪ ತೀರ್ಕೊಂಡ್ರು. ಆಮೇಲಿಂದ ಊರಿನ ಜಮೀನಿನ ಖಾತೆ, ಅಪ್ಪನ ಇನ್ಶೂರೆನ್ಸ್, ಮಗಳ ಟ್ಯೂಷನ್, ಮನೆ ರಿಪೇರಿ, ಒಂದೂ ಮುಗೀತಿಲ್ಲ. ಹಗಲು ಲೆಕ್ಕ ನೋಡ್ತಾ ಕೂತಿದ್ರೂ ಇದೇ ಬರತ್ತೆ, ರಾತ್ರಿ ಲೈಟ್ ಆರಿಸಿದ ತಕ್ಷಣ ಸಾಲಾಗಿ ಬರತ್ತೆ. ಬರೆದಿಡು ಹಗುರಾಗತ್ತೆ ಅಂತ ಎಲ್ರೂ ಹೇಳ್ತಾರೆ, ನಾನೂ ಮೊಬೈಲಲ್ಲಿ ಬರೆದಿಟ್ಟಿದೀನಿ, ಈಗ 43 ಐಟಂ ಆಗಿದೆ, ಅದನ್ನ ನೋಡಿದ್ರೇ ಎದೆ ಡವಡವ ಅನ್ನತ್ತೆ. ಮೊದಲ ಐದು ಸಾಲು ಹೀಗಿದೆ: ಪೌತಿ ಖಾತೆ. ಇನ್ಶೂರೆನ್ಸ್. ಗೀಸರ್. ಟ್ಯೂಷನ್. ಅಣ್ಣ. ಬರೆಯೋದ್ರಿಂದ ನಿಜವಾಗ್ಲೂ ಉಪಯೋಗ ಇದ್ಯಾ, ಇಲ್ಲಾ ಎಲ್ಲಾ ಮುಗಿಯೋವರೆಗೂ ಇದು ಹೀಗೇನಾ?

ಉತ್ತರ: ಆ ಐದು ಸಾಲನ್ನ ಇನ್ನೊಂದ್ಸಲ ನಿಧಾನಕ್ಕೆ ಓದಿ ನೋಡಿ. ಪೌತಿ ಖಾತೆ, ಗೀಸರ್, ಅಣ್ಣ. ಒಂದು ಸಾಲಲ್ಲೂ ಕ್ರಿಯಾಪದ ಇಲ್ಲ. ಯಾವಾಗ, ಎಲ್ಲಿ, ಮೊದ್ಲು ಏನು ಅನ್ನೋದಿಲ್ಲ. ನೀವು ಬರೆದಿಟ್ಟಿರೋದು ಕೆಲಸಗಳ ಹೆಸರು ಮಾತ್ರ, ಮತ್ತು ಆ ಹೆಸರುಗಳು ನಿಮ್ಮ ತಲೆಗೆ ಆಗಲೇ ಚೆನ್ನಾಗಿ ಗೊತ್ತಿದೆ, ಗೊತ್ತಿರೋದಕ್ಕೇ ತಾನೆ ರಾತ್ರಿ ಹನ್ನೊಂದಕ್ಕೆ ಸಾಲಾಗಿ ಬರ್ತಿರೋದು. ಗೊತ್ತಿರೋದನ್ನೇ ಮೊಬೈಲಲ್ಲಿ ಇನ್ನೊಂದ್ಸಲ ತೋರಿಸಿದ್ರೆ ಅದು ಯಾಕೆ ಸುಮ್ನಾಗತ್ತೆ ಹೇಳಿ. ಅದು ಕೇಳ್ತಿರೋದು ಬೇರೆ: ಇದನ್ನ ಯಾವತ್ತು ಮಾಡ್ತೀಯ, ಎಲ್ಲಿಂದ ಶುರು ಮಾಡ್ತೀಯ. ಈ ಎರಡಕ್ಕೆ ಉತ್ತರ ಬರೆದಾಗ ಅದು ಸುಮ್ನಾಗತ್ತೆ, ಕೆಲಸ ಮುಗಿದಿರ್ಬೇಕು ಅಂತೇನಿಲ್ಲ. ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ, ಪ್ರಯೋಗ ಮಾಡಿ ನೋಡಿರೋ ವಿಷಯ, ಹೇಗೆ ಅಂತ ಹೇಳ್ತೀನಿ.

ಮೊದ್ಲು ಎಲ್ಲ ಕಡೆ ಓಡಾಡೋ ಒಂದು ಮಾತನ್ನ ಸರಿ ಮಾಡ್ಬೇಕು. "ಅರ್ಧಕ್ಕೆ ನಿಂತ ಕೆಲಸ ಮನಸ್ಸಲ್ಲಿ ಎರಡು ಪಟ್ಟು ಗಟ್ಟಿಯಾಗಿ ಉಳಿಯತ್ತೆ" ಅಂತ ಓದಿರ್ತೀರ. ಇದರ ಮೂಲ 1920ರ ದಶಕದ ಬರ್ಲಿನ್. ಅಲ್ಲಿ ಕರ್ಟ್ ಲೆವಿನ್ ಅನ್ನೋ ಮನಃಶಾಸ್ತ್ರಜ್ಞರ ಕೈಕೆಳಗೆ ಬ್ಲೂಮಾ ಝೈಗಾರ್ನಿಕ್ ಅಂತ ವಿದ್ಯಾರ್ಥಿನಿ ಇದ್ರು. ಹೋಟೆಲ್ ಮಾಣಿಗೆ ಬಿಲ್ ಆಗೋವರೆಗೂ ಯಾವ ಟೇಬಲ್‌ಗೆ ಏನು ಅಂತ ಪೂರ್ತಿ ನೆನಪಿರತ್ತೆ, ದುಡ್ಡು ಕೊಟ್ಟ ಮೇಲೆ ಮರೆತೇ ಹೋಗತ್ತೆ ಅನ್ನೋ ಗಮನಿಕೆಯಿಂದ ಶುರುವಾಯ್ತು ಅಂತ ಕಥೆ ಹೇಳ್ತಾರೆ. ಝೈಗಾರ್ನಿಕ್ ಜನರಿಗೆ ಇಪ್ಪತ್ತರ ಆಸುಪಾಸು ಸಣ್ಣ ಸಣ್ಣ ಕೆಲಸ ಕೊಟ್ರು, ಮಣ್ಣಲ್ಲಿ ಗೊಂಬೆ ಮಾಡೋದು, ಒಗಟು ಬಿಡಿಸೋದು, ಲೆಕ್ಕ ಮಾಡೋದು ಈ ಥರ, ಅದರಲ್ಲಿ ಅರ್ಧದಷ್ಟನ್ನ ಅವರು ಮುಳುಗಿ ಮಾಡ್ತಿರೋವಾಗ್ಲೇ ನಿಲ್ಲಿಸಿಬಿಟ್ರು. ಆಮೇಲೆ ಏನೇನು ಮಾಡಿದ್ರಿ ಅಂತ ಕೇಳಿದ್ರೆ ನಿಂತುಹೋದ ಕೆಲಸಗಳೇ ಹೆಚ್ಚು ನೆನಪಿದ್ವು. 1927ರಲ್ಲಿ ಇದು ಪ್ರಕಟ ಆಯ್ತು, ಇವತ್ತಿಗೂ ಅವರ ಹೆಸರಲ್ಲೇ ಕರೀತಾರೆ.

ಆದ್ರೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಒಂದ್ಸಲ ಹಾಗೆ ಬಂತು, ಒಂದ್ಸಲ ಉಲ್ಟಾ ಬಂತು, ಒಟ್ಟಾರೆ ನೋಡಿದ್ರೆ ನೆನಪಿನ ಭಾಗ ಗಟ್ಟಿಯಾಗಿ ನಿಂತಿಲ್ಲ. ನಿಂತಿರೋದು ಅದೇ ಗುಂಪಿನ ಇನ್ನೊಬ್ಬರು, ಮಾರಿಯಾ ಓವ್ಸಿಯಾಂಕಿನಾ, 1928ರಲ್ಲಿ ತೋರಿಸಿದ ವಿಷಯ. ಅವರೂ ಕೆಲಸ ಮಧ್ಯೆ ನಿಲ್ಲಿಸಿದ್ರು, ಆಮೇಲೆ ಸುಮ್ನೆ ನೋಡ್ತಾ ಕೂತ್ರು. ಯಾರೂ ಮಾಡಿ ಅಂತ ಹೇಳ್ದೇನೇ, ಯಾವ ಬಹುಮಾನನೂ ಇಲ್ದೇನೇ, ಜನ ತಾವಾಗೇ ಹೋಗಿ ನಿಂತ ಕೆಲಸವನ್ನ ಮತ್ತೆ ಕೈಗೆ ತಗೊಂಡ್ರು. ಅಂದ್ರೆ ಅರ್ಧ ಕೆಲಸಕ್ಕೆ ಇರೋದು ಸೆಳೆತ, ನೆನಪಿನ ಶಕ್ತಿ ಅಲ್ಲ. ಈ ವ್ಯತ್ಯಾಸ ನಿಮಗೆ ಯಾಕೆ ಮುಖ್ಯ ಅಂದ್ರೆ, ಸಮಸ್ಯೆ ನೆನಪಿಂದು ಅಂತ ಅಂದ್ಕೊಂಡ್ರೆ "ಬರೆದು ತಲೆಯಿಂದ ಹೊರಗೆ ಹಾಕು" ಅನ್ನೋ ಸಲಹೆ ಸಾಕಾಗತ್ತೆ. ನೀವು ಹಾಕಿದ್ದೀರಿ, 43 ಸಲ ಹಾಕಿದ್ದೀರಿ, ಆಗಲಿಲ್ಲ. ಸೆಳೆತ ಅಂತ ಅರ್ಥ ಮಾಡ್ಕೊಂಡ್ರೆ, ಎಳೀತಿರೋ ಹಗ್ಗವನ್ನ ಎಲ್ಲಿಗಾದ್ರೂ ಕಟ್ಟಬೇಕು ಅನ್ನೋದು ಹೊಳೆಯತ್ತೆ.

ಈಗ ಮುಖ್ಯ ಪ್ರಯೋಗಕ್ಕೆ ಬರ್ತೀನಿ. 2011ರಲ್ಲಿ ಅಮೆರಿಕದ ಮಸಿಕಾಂಪೊ ಮತ್ತು ರಾಯ್ ಬೌಮೈಸ್ಟರ್ ಅನ್ನೋ ಇಬ್ಬರು ಸಂಶೋಧಕರು, ಜನರನ್ನ ಕೂರಿಸಿ ಅವರವರ ಜೀವನದಲ್ಲಿ ಬಾಕಿ ಉಳಿದಿರೋ ಮುಖ್ಯ ಕೆಲಸಗಳ ಬಗ್ಗೆ ಯೋಚನೆ ಮಾಡಿಸಿದ್ರು, ಆಮೇಲೆ ಒಂದು ಕಾದಂಬರಿಯ ಭಾಗ ಓದೋಕೆ ಕೊಟ್ರು. ಬಾಕಿ ಕೆಲಸ ನೆನಪು ಮಾಡ್ಕೊಂಡು ಹಾಗೇ ಓದೋಕೆ ಕೂತವರಿಗೆ ಓದೋವಾಗ ಅದೇ ಯೋಚನೆ ನುಗ್ಗಿ ನುಗ್ಗಿ ಬಂತು, ನೀವು ಲೆಕ್ಕದ ಮುಂದೆ ಕೂತಾಗ ಆಗೋ ಥರಾನೇ. ಇನ್ನೊಂದು ಗುಂಪಿಗೆ ಓದೋ ಮುಂಚೆ, ಆ ಕೆಲಸವನ್ನ ಹೇಗೆ ಯಾವಾಗ ಮಾಡ್ತೀರ ಅಂತ ಪ್ಲಾನ್ ಬರೆಯೋಕೆ ಹೇಳಿದ್ರು. ಅವರಿಗೆ ಆ ನುಗ್ಗೋದು ನಿಂತಿತ್ತು. ಗಮನಿಸಿ, ಅವರೂ ಕೆಲಸ ಮಾಡಿರಲಿಲ್ಲ, ಒಂದು ಇಂಚೂ ಮುಂದೆ ಹೋಗಿರಲಿಲ್ಲ, ಬರೆದಿದ್ರು ಅಷ್ಟೇ.

ಅದೇ ಅಧ್ಯಯನದಲ್ಲಿ ಇನ್ನೆರಡು ವಿಷಯ ಇದೆ, ಇದನ್ನ ಯಾರೂ ಹೇಳಲ್ಲ, ನನ್ನ ಕೆಲಸದಲ್ಲಿ ಜಾಸ್ತಿ ಉಪಯೋಗಕ್ಕೆ ಬಂದಿರೋದು ಇವೇ. ಒಂದು, ಪ್ಲಾನನ್ನ ಮನಸ್ಸಿಟ್ಟು ಮಾಡಿದವರಿಗೆ ಮಾತ್ರ ಲಾಭ ಆಯ್ತು, ಮುಂದೆ ಆ ಪ್ಲಾನಿನ ಪ್ರಕಾರ ನಿಜವಾಗ್ಲೂ ಮಾಡಿದ್ದವರು ಯಾರೋ ಅವರ ತಲೆಯೇ ಆವತ್ತು ಸುಮ್ನಾಗಿದ್ದು. ಸುಮ್ನೆ ಒಂದು ತಾರೀಖು ಗೀಚಿದ್ರೆ ಒಳಗಿರೋದು ಮೋಸ ಹೋಗಲ್ಲ. ಎರಡು, ಕೆಲಸದ ಬಗ್ಗೆ ಇರೋ ಭಾವನೆ, ಬೇಸರ ಆತಂಕ ಇಂಥವು, ಬದಲಾಗ್ಲೇಬೇಕು ಅಂತಿರಲಿಲ್ಲ. ಭಾವನೆ ಹಾಗೇ ಇದ್ರೂ ಯೋಚನೆ ಅಡ್ಡ ಬರೋದು ನಿಲ್ಲಬಹುದು. ಹಾಗಾಗಿ ಪ್ಲಾನ್ ಬರೆದ ಮೇಲೂ ತಹಶೀಲ್ದಾರ್ ಆಫೀಸ್ ಅಂದ್ರೆ ಹೊಟ್ಟೆಯಲ್ಲಿ ಸಂಕಟ ಆದ್ರೆ ನಿಮ್ಮ ಪ್ಲಾನ್ ಫೇಲ್ ಆಯ್ತು ಅಂತ ತಿಳ್ಕೋಬೇಡಿ. ನೋಡಬೇಕಾದ್ದು ಇಷ್ಟೇ, ಅದು ಕರೀದೇ ಬರೋದು ಕಡಿಮೆ ಆಯ್ತಾ ಅಂತ.

ಯಾಕೆ ಹೀಗೆ ಕೆಲಸ ಮಾಡತ್ತೆ ಅಂದ್ರೆ, ಮಾಡ್ಬೇಕು ಅಂತ ಒಪ್ಕೊಂಡ ಪ್ರತಿ ಕೆಲಸಕ್ಕೂ ತಲೆ ಒಂದು ಕಾವಲು ಇಟ್ಟಿರತ್ತೆ, ಅವಕಾಶ ಸಿಕ್ತಾ ಸಿಕ್ತಾ ಅಂತ ನೋಡ್ತಿರತ್ತೆ. ಯಾವಾಗ ಅನ್ನೋದು ತೀರ್ಮಾನ ಆಗಿಲ್ಲ ಅಂದ್ರೆ ಅದಕ್ಕೆ ಎಲ್ಲಾ ಹೊತ್ತೂ ಆಗಬಹುದಾದ ಹೊತ್ತೇ, ಆಫೀಸಲ್ಲಿ ಒಂದು ನಿಮಿಷ ಖಾಲಿ ಸಿಕ್ರೂ ಈಗಾ? ಅಂತ ಕೇಳತ್ತೆ. ರಾತ್ರಿ ಹಾಸಿಗೆ ಮೇಲೆ ಬೇರೆ ಯಾವ ಕೆಲಸಾನೂ ಇಲ್ವಲ್ಲ, ಅದಕ್ಕೇ ಅಲ್ಲಿ ಎಲ್ಲಾ ಒಟ್ಟಿಗೆ ಕ್ಯೂ ನಿಲ್ಲತ್ತೆ. ನಮ್ಮ ಅಜ್ಜಿ ಮಧ್ಯಾಹ್ನ ಮಲಗೋ ಮುಂಚೆ "ಹಾಲಿನವನು ಬಂದು ಬೆಲ್ ಮಾಡಿದ್ರೆ ಈ ಡಬ್ಬಿ ಕೆಳಗಿರೋ ದುಡ್ಡು ಕೊಡು" ಅಂತ ಹೇಳಿ, ದುಡ್ಡನ್ನ ನನ್ನ ಕಣ್ಣೆದುರೇ ಡಬ್ಬಿ ಕೆಳಗಿಟ್ಟು ಮಲಗೋರು, ಮಲಗಿದ ಎರಡೇ ನಿಮಿಷಕ್ಕೆ ಗೊರಕೆ. ಆ ಮಾತಲ್ಲಿ ಎಲ್ಲಾ ಇದೆ: ಯಾವ ಸೂಚನೆ ಬಂದಾಗ, ಎಲ್ಲಿಂದ, ಏನು. ಇನ್ನು ಹಾಲಿನವನನ್ನ ಕಾಯೋ ಕೆಲಸ ಅಜ್ಜಿದಲ್ಲ, ಬೆಲ್‌ದು.

ಪೀಟರ್ ಗೋಲ್ವಿಟ್ಸರ್ ಅನ್ನೋ ಜರ್ಮನ್ ಮನಃಶಾಸ್ತ್ರಜ್ಞರು ಇದನ್ನೇ ದಶಕಗಟ್ಲೆ ಅಧ್ಯಯನ ಮಾಡಿದಾರೆ. 1997ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ, ಹಬ್ಬದ ಹಿಂದಿನ ಸಂಜೆ ಹೇಗೆ ಕಳೆದ್ರಿ ಅಂತ ಎರಡು ದಿನದೊಳಗೆ ಬರೆದು ಕಳಿಸೋಕೆ ಹೇಳಿದ್ರು. ಸುಮ್ನೆ ಒಪ್ಕೊಂಡವರಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಜನ ಟೈಮಿಗೆ ಮಾಡಿದ್ರು, ಯಾವ ಹೊತ್ತಲ್ಲಿ ಎಲ್ಲಿ ಕೂತು ಬರೀತೀನಿ ಅಂತ ಮುಂಚೆನೇ ಬರೆದುಕೊಟ್ಟವರಲ್ಲಿ ಹತ್ರ ಹತ್ರ ಮುಕ್ಕಾಲು ಭಾಗ ಮಾಡಿದ್ರು. ಅದೇ ಕೆಲಸ, ಅದೇ ರಜೆ, ವ್ಯತ್ಯಾಸ ಒಂದು ಸಾಲಿಂದು.

ಸರಿ, ಈಗ ನಿಮ್ಮ ಪೌತಿ ಖಾತೆಯನ್ನೇ ಹಿಡ್ಕೊಳ್ಳೋಣ, ಯಾಕಂದ್ರೆ ಅದೇ ಪಟ್ಟಿಯ ತಲೆಯಲ್ಲಿದೆ. ಪೇಪರ್ ತಗೊಂಡು "ಪೌತಿ ಖಾತೆ ಆಗ್ಬೇಕಾದ್ರೆ ಏನೇನು ಬೇಕು" ಅಂತ ಹಿಂದಕ್ಕೆ ಹೋಗಿ. ಅರ್ಜಿ ಹಾಕ್ಬೇಕು. ಅದಕ್ಕೆ ಅಪ್ಪನ ಮರಣ ಪ್ರಮಾಣಪತ್ರ, ಪಹಣಿ, ವಂಶವೃಕ್ಷ, ವಾರಸುದಾರರ ಆಧಾರ್ ಬೇಕು. ಇದರಲ್ಲಿ ಮರಣ ಪ್ರಮಾಣಪತ್ರ ನಿಮ್ಮ ಹತ್ರ ಇರತ್ತೆ, ಪಹಣಿ ಆನ್‌ಲೈನಲ್ಲೇ ಸಿಗತ್ತೆ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ರೆ ಗ್ರಾಮ ಆಡಳಿತಾಧಿಕಾರಿ ಪರಿಶೀಲನೆ ಮಾಡ್ತಾರೆ. ಅದರಲ್ಲಿ ಯಾರ್ಯಾರ ಹೆಸರಿರತ್ತೆ? ಅಮ್ಮ, ಅಣ್ಣ, ನೀವು. ಖಾತೆ ಜಂಟಿಯಾಗಿ ಆಗ್ಬೇಕಾ, ಯಾರ ಹೆಸರಿಗೆ ಆಗ್ಬೇಕು ಅನ್ನೋದನ್ನ ಮೂರೂ ಜನ ಕೂತು ಮಾತಾಡಿದ್ದೀರಾ?

ಪತ್ರದಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ, ಆದ್ರೆ ಐದನೇ ಸಾಲಲ್ಲಿ "ಅಣ್ಣ" ಅಂತ ಒಂದೇ ಪದ ಇದೆ, ಮುಂದೆ ಚುಕ್ಕೆ. ನನಗೆ ಅನ್ಸತ್ತೆ, ತಪ್ಪಿದ್ರೂ ತಪ್ಪಿರಬಹುದು, ಮೊದಲನೇ ಸಾಲು ಎಂಟು ತಿಂಗಳಿಂದ ಅಲ್ಲಾಡದೇ ಇರೋದಕ್ಕೆ ಕಾರಣ ಐದನೇ ಸಾಲು. ನಾಡಕಚೇರಿಗೆ ಹೋಗೋದು ಕಷ್ಟ ಅಂತಲ್ಲ, ಅದಕ್ಕೆ ಮುಂಚೆ ಅಣ್ಣನ ಜೊತೆ ಒಂದು ಫೋನ್ ಮಾತು ಆಗ್ಬೇಕು, ಅದನ್ನ ಎತ್ತೋಕೆ ಸಂಕೋಚ. ನನ್ನ ಹತ್ರ ಬರೋವರಲ್ಲಿ ಇದನ್ನ ತುಂಬಾ ನೋಡಿದೀನಿ: ತಿಂಗಳುಗಟ್ಲೆ ಕಾಡೋ ಕೆಲಸದಲ್ಲಿ, ಪಟ್ಟಿಯಲ್ಲಿ ಬರೆದಿರೋದು ಮೂರನೇ ಹೆಜ್ಜೆ ಆಗಿರತ್ತೆ, ಮೊದಲನೇ ಹೆಜ್ಜೆ ಬರೆದೇ ಇರಲ್ಲ, ಯಾಕಂದ್ರೆ ಅದು ಕೆಲಸದ ಥರ ಕಾಣಲ್ಲ, ಯಾರಿಗೋ ಏನೋ ಕೇಳೋದಾಗಿರತ್ತೆ. ಮೊದಲ ಹೆಜ್ಜೆ ಸಿಗದೇ ಎಷ್ಟು ತಾರೀಖು ಹಾಕಿದ್ರೂ ಆ ಪ್ಲಾನ್ ಕಾಗದದ ಮೇಲೇ ಉಳಿಯತ್ತೆ.

ಹಾಗಾದ್ರೆ ಬರೆಯೋ ಸಾಲು ಹೇಗಿರ್ಬೇಕು? ನೋಟ್‌ಬುಕ್ಕಿನ ಒಂದು ಪುಟದ ಮೇಲೆ ಇಷ್ಟು:

"ಭಾನುವಾರ ಬೆಳಿಗ್ಗೆ ತಿಂಡಿ ಆದ್ಮೇಲೆ, ಬಾಲ್ಕನಿಯಲ್ಲಿ ಕೂತು ಅಣ್ಣನಿಗೆ ಫೋನ್ ಮಾಡ್ತೀನಿ. ಕೇಳೋದು ಒಂದೇ: ಖಾತೆ ಮೂರೂ ಜನರ ಹೆಸರಿಗೆ ಜಂಟಿಯಾಗಿ ಮಾಡ್ಸೋಣ್ವಾ, ನಿನಗೇನನ್ಸತ್ತೆ? ಅವನು ಎತ್ತಲಿಲ್ಲ ಅಂದ್ರೆ ಸಂಜೆ ದೀಪ ಹಚ್ಚಿದ ಮೇಲೆ ಇನ್ನೊಂದ್ಸಲ. ನೋಡೋಣ ಅಂತ ಅಂದ್ರೆ, ಮುಂದಿನ ಭಾನುವಾರ ಅಮ್ಮನ ಮನೆಯಲ್ಲಿ ಸೇರಿ ಮಾತಾಡೋಣ ಅಂತ ಹೇಳ್ತೀನಿ."

ಅದರ ಕೆಳಗೆ: "ಅಣ್ಣ ಒಪ್ಪಿದ ಮೇಲೆ ಬರೋ ಶನಿವಾರ, ಎರಡನೇ ನಾಲ್ಕನೇ ಶನಿವಾರ ಅಲ್ದೇ ಇರೋದು, ಬೆಳಿಗ್ಗೆ ಬಸ್ಸಿಗೆ ಊರಿಗೆ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ. ಶುಕ್ರವಾರ ರಾತ್ರಿ ಊಟ ಆದ್ಮೇಲೆ ನೀಲಿ ಫೈಲಿಗೆ ಮರಣ ಪ್ರಮಾಣಪತ್ರ, ಮೂರೂ ಆಧಾರ್ ಜೆರಾಕ್ಸ್, ಫೋಟೋ ಹಾಕಿ ಬ್ಯಾಗಲ್ಲಿ ಇಡ್ತೀನಿ."

ಅಷ್ಟೇ, ಇದಕ್ಕಿಂತ ಮುಂದಕ್ಕೆ ಹೋಗ್ಬೇಡಿ. ಪೌತಿ ಖಾತೆ ಅರ್ಜಿ, ನೋಟಿಸು, ತಕರಾರಿನ ಅವಧಿ ಇವೆಲ್ಲ ಆಮೇಲೆ ಇದೆ, ಆದ್ರೆ ಅದು ವಂಶವೃಕ್ಷ ಕೈಗೆ ಬಂದ ದಿನ ಬರೆಯೋ ಸಾಲು. ಎರಡು ಹೆಜ್ಜೆ ಸ್ಪಷ್ಟ, ಮೂರನೇದನ್ನ ಯಾವತ್ತು ಯೋಚನೆ ಮಾಡ್ತೀನಿ ಅನ್ನೋದು ಸ್ಪಷ್ಟ, ತಲೆಗೆ ಇಷ್ಟು ಸಾಕು. "ಬಾಲ್ಕನಿಯಲ್ಲಿ ಕೂತು", "ನೀಲಿ ಫೈಲ್" ಅಂತೆಲ್ಲ ಯಾಕೆ ಬರೀಬೇಕು ಅಂತ ಅನ್ಸಬಹುದು, ಆ ಸಣ್ಣ ವಿವರಗಳೇ ಹಾಲಿನವನ ಬೆಲ್. ತಿಂಡಿ ತಟ್ಟೆ ಎತ್ತಿಟ್ಟ ತಕ್ಷಣ ಬಾಲ್ಕನಿ ನೆನಪಾಗತ್ತೆ, ಬಾಲ್ಕನಿಗೆ ಬಂದ್ರೆ ಫೋನ್ ನೆನಪಾಗತ್ತೆ. "ಈ ವಾರ ಅಣ್ಣನ ಹತ್ರ ಮಾತಾಡ್ಬೇಕು" ಅಂತ ಬರೆದ್ರೆ ವಾರದ ಏಳೂ ದಿನ ಕಾವಲು ಎದ್ದೇ ಇರತ್ತೆ.

ಗೀಸರ್ ಥರದ್ದು ಬೇಗ ಮುಗಿಯತ್ತೆ, ಅದಕ್ಕೆ ಇಷ್ಟೆಲ್ಲ ಬೇಡ. "ನಾಳೆ ಆಫೀಸಲ್ಲಿ ಊಟಕ್ಕೆ ಎದ್ದಾಗ, ಎಲೆಕ್ಟ್ರಿಷಿಯನ್‌ಗೆ ಫೋನ್" ಅಂದ್ರೆ ಸಾಕು.

ಆದ್ರೆ ಒಂದು ಎಚ್ಚರಿಕೆ, 43ಕ್ಕೂ ಹೀಗೆ ಬರೆಯೋಕೆ ಕೂರಬೇಡಿ. ಈ ತಪ್ಪನ್ನ ಉತ್ಸಾಹ ಇರೋವರೇ ಜಾಸ್ತಿ ಮಾಡೋದು. ಏಮಿ ಡಾಲ್ಟನ್ ಮತ್ತು ಸ್ಟೀಫನ್ ಸ್ಪಿಲ್ಲರ್ ಅಂತ ಇಬ್ಬರು 2012ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ, ಒಂದೇ ಗುರಿಗೆ ಪ್ಲಾನ್ ಬರೆದವರಿಗೆ ಅನುಕೂಲ ಆಯ್ತು, ಹಲವಾರು ಗುರಿಗಳಿಗೆ ಒಟ್ಟಿಗೆ ಬರೆದವರಿಗೆ ಆ ಅನುಕೂಲ ಸಿಗಲಿಲ್ಲ, ಎಲ್ಲಾನೂ ಮಾಡೋದು ಎಷ್ಟು ಕಷ್ಟ ಅನ್ನೋದು ಕಣ್ಣಿಗೆ ಹೊಡೆದು ಮನಸ್ಸು ಹಿಂದೆ ಸರೀತು. ನಿಮಗೆ ಪಟ್ಟಿ ನೋಡಿದ್ರೆ ಎದೆ ಡವಡವ ಅನ್ನೋದೂ ಇದೇ. ಹಾಗಾಗಿ ಜಾಸ್ತಿ ಕಾಡೋ ಮೂರನ್ನ ಮಾತ್ರ ಆರಿಸ್ಕೊಳ್ಳಿ. ಮುಖ್ಯವಾದ ಮೂರು ಅಲ್ಲ, ಕಾಡೋ ಮೂರು. ನಿನ್ನೆ ರಾತ್ರಿ ಬಂದಿದ್ದು ಯಾವುದು ಅಂತ ಕೇಳ್ಕೊಂಡ್ರೆ ಗೊತ್ತಾಗತ್ತೆ. ಉಳಿದ ನಲವತ್ತನ್ನ ಒಂದ್ಸಲ ಓದಿ, ಕೆಲವನ್ನ ಇನ್ನು ಮಾಡಲ್ಲ ಅಂತ ಗೀಟು ಹಾಕಿ ಹೊಡೆದು ಹಾಕಿ, ಇದೂ ಒಂದು ತೀರ್ಮಾನನೇ. ಮಿಕ್ಕಿದ್ದಕ್ಕೆ ಮೇಲ್ಗಡೆ ಒಂದೇ ಸಾಲು ಬರೀರಿ: "ಇವನ್ನ ಮುಂದಿನ ಶನಿವಾರ ಸಂಜೆ ಕಾಫಿ ಕುಡೀವಾಗ ನೋಡ್ತೀನಿ." ನೋಡೋ ದಿನ ನಿಜವಾಗ್ಲೂ ನೋಡಿದ್ರೆ ಮಾತ್ರ ಇದು ನಡೆಯೋದು. ಎರಡು ಶನಿವಾರ ತಪ್ಪಿಸಿದ್ರೆ ಆ ಸಾಲಿಗೆ ಬೆಲೆ ಹೋಗತ್ತೆ, ಎಲ್ಲವೂ ಮತ್ತೆ ಹಾಸಿಗೆಗೆ ಬರತ್ತೆ.

ರಾತ್ರಿ ವಿಷಯಕ್ಕೆ ಬಂದ್ರೆ, ಅಮೆರಿಕದ ಬೇಲರ್ ಯೂನಿವರ್ಸಿಟಿಯ ಮೈಕೆಲ್ ಸ್ಕಲ್ಲಿನ್ ಮತ್ತು ಅವರ ತಂಡ 2018ರಲ್ಲಿ ಒಂದು ಚಂದದ ಪ್ರಯೋಗ ಪ್ರಕಟ ಮಾಡಿತು. 18ರಿಂದ 30 ವರ್ಷದ 57 ಜನರನ್ನ ನಿದ್ದೆ ಲ್ಯಾಬಲ್ಲಿ ಮಲಗಿಸಿದ್ರು, ನಿದ್ದೆ ಬಂದಿದ್ದು ಯಾವಾಗ ಅಂತ ಮೆದುಳಿನ ಅಲೆ ಅಳೆದು ನೋಡಿದ್ರು, ಅವರವರು ಹೇಳಿದ್ದನ್ನ ನಂಬಲಿಲ್ಲ. ಮಲಗೋ ಮುಂಚೆ ಐದು ನಿಮಿಷ ಅರ್ಧ ಜನ ಮುಂದಿನ ದಿನಗಳಲ್ಲಿ ಮಾಡ್ಬೇಕಾಗಿರೋದನ್ನ ಬರೆದ್ರು, ಇನ್ನರ್ಧ ಜನ ಈಗಾಗ್ಲೇ ಮುಗಿಸಿದ್ದನ್ನ ಬರೆದ್ರು. ಮುಗಿಸಿದ್ದನ್ನ ನೆನೆಸ್ಕೊಂಡ್ರೆ ನೆಮ್ಮದಿ ಆಗತ್ತೆ ಅಂತ ತಾನೆ ನಾವು ಅಂದ್ಕೊಳ್ಳೋದು? ಉಲ್ಟಾ ಆಯ್ತು, ಬಾಕಿ ಇರೋದನ್ನ ಬರೆದವರಿಗೆ ಸರಾಸರಿ ಒಂಬತ್ತು ನಿಮಿಷದಷ್ಟು ಬೇಗ ನಿದ್ದೆ ಬಂತು. ಅವರಲ್ಲೂ ಎಷ್ಟು ವಿವರವಾಗಿ ಬರೆದ್ರೋ ಅಷ್ಟು ಬೇಗ. ಇದನ್ನ ದೊಡ್ಡದು ಮಾಡಿ ಹೇಳೋದು ಬೇಡ, ಒಂಬತ್ತು ನಿಮಿಷ ಅಂದ್ರೆ ಒಂಬತ್ತೇ ನಿಮಿಷ, ಅದೂ ಆರೋಗ್ಯವಾಗಿರೋ ಚಿಕ್ಕ ವಯಸ್ಸಿನವರಲ್ಲಿ, ಒಂದು ರಾತ್ರಿ. ಆದ್ರೆ ಐದು ನಿಮಿಷದ ಬರವಣಿಗೆಗೆ ಅಷ್ಟು ಸಿಗೋದು ಕಡಿಮೆಯಲ್ಲ.

ನಿಮ್ಮ ವಿಷಯದಲ್ಲಿ ನಾನು ಎರಡು ದಾರಿ ಕೊಡ್ತೀನಿ. ಮಲಗೋಕೆ ಸ್ವಲ್ಪ ಮುಂಚೆ, ಹಾಸಿಗೆ ಮೇಲಲ್ಲ, ಡೈನಿಂಗ್ ಟೇಬಲ್ಲೋ ಅಡುಗೆ ಕಟ್ಟೆಯೋ, ಅಲ್ಲಿ ಐದು ನಿಮಿಷ ಕೂತು ನಾಳೆಯ ಸಾಲುಗಳನ್ನ ಬರೆಯೋದು ಒಂದು. ಇದರ ಅಪಾಯ ಏನಂದ್ರೆ ಕೆಲವರಿಗೆ ಬರೀತಾ ಬರೀತಾ ತಲೆ ಇನ್ನೂ ಚುರುಕಾಗಿ ಹನ್ನೆರಡಾದ್ರೂ ಲೆಕ್ಕಾಚಾರ ನಿಲ್ಲಲ್ಲ, ಖಾತೆ ಜಮೀನಿನಂಥ ವಿಷಯದಲ್ಲಿ ಇದು ಜಾಸ್ತಿ. ಅಂಥವರಿಗೆ ಎರಡನೇ ದಾರಿ, ಸಂಜೆ ಏಳರ ಸುಮಾರಿಗೆ, ಅಡುಗೆಗೆ ಮುಂಚೆನೋ ಆಮೇಲೋ, ಕಾಲು ಗಂಟೆ ಕೂತು ಎಡಗಡೆ ಏನು ಕಾಡ್ತಿದೆ, ಬಲಗಡೆ ಅದಕ್ಕೆ ಮುಂದಿನ ಒಂದು ಹೆಜ್ಜೆ ಯಾವಾಗ ಅಂತ ಬರೆದು, ಪುಸ್ತಕ ಮುಚ್ಚಿ ಇಟ್ಬಿಡೋದು. ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ನಾವು ಮಾಡ್ಸೋದು ಹೆಚ್ಚಾಗಿ ಇದನ್ನೇ. ನಿಮಗೆ ನಾನು ಎರಡನೇದನ್ನೇ ಹೇಳ್ತೀನಿ, ಯಾಕಂದ್ರೆ ನಿಮ್ಮನ್ನ ಕಾಡ್ತಿರೋದ್ರಲ್ಲಿ ಹಣ ಮತ್ತು ಅಣ್ಣನ ವಿಷಯ ಇದೆ. ಎರಡರಲ್ಲೂ ಪೇಪರ್ ಇರ್ಲಿ, ಮೊಬೈಲ್ ಬೇಡ, ಪಟ್ಟಿ ತೆಗೆಯೋಕೆ ಹೋಗಿ ವಾಟ್ಸಾಪ್ ಗ್ರೂಪಿಗೆ ಹೋಗದೇ ಇರೋದು ಯಾರಿಗೂ ಸುಲಭ ಅಲ್ಲ. ಮಧ್ಯರಾತ್ರಿ ಎಚ್ಚರ ಆಗಿ ಹೊಸದೇನೋ ನೆನಪಾದ್ರೆ ತಲೆದಿಂಬಿನ ಪಕ್ಕ ಒಂದು ಚೀಟಿ ಪೆನ್ಸಿಲ್ ಇಟ್ಕೊಂಡು ಒಂದೇ ಸಾಲು, "ಇನ್ಶೂರೆನ್ಸ್ ನಾಮಿನಿ ಹೆಸರು, ಸಂಜೆ ಏಳಕ್ಕೆ ನೋಡ್ತೀನಿ" ಅಂತ, ಅಲ್ಲೇ ಉತ್ತರ ಹುಡುಕೋಕೆ ಹೋಗ್ಬೇಡಿ.

ಇನ್ನೊಂದು ಅಪಾಯ ಇದೆ, ಇದು ಪ್ಲಾನ್ ಚೆನ್ನಾಗಿ ಕೆಲಸ ಮಾಡಿದಾಗ ಬರೋದು. ತಲೆ ಸುಮ್ನಾಯ್ತು ಅಂದ್ರೆ ಇನ್ನು ಅದು ಜ್ಞಾಪಿಸಲ್ಲ. ಆ ಪುಟ ನಿಮ್ಮ ಕಣ್ಣಿಗೆ ಬೀಳ್ದೇ ಹೋದ್ರೆ ಕೆಲಸ ನಿಜವಾಗ್ಲೂ ತಪ್ಪಿಹೋಗತ್ತೆ. ನನ್ನ ಹತ್ರ ಬರ್ತಿದ್ದ ಒಬ್ಬರು ಬಿಲ್ ಕಟ್ಟೋದನ್ನ ಬರೆದು, ಹಾಯಾಗಿ ಮಲಗಿ, ಆ ಡೈರಿಯನ್ನ ಕಾರಲ್ಲೇ ಬಿಟ್ಟು, ಕಡೇ ದಿನಾಂಕ ದಾಟಿದ ಮೇಲೆ ನೋಡಿದ್ರು. ಆಮೇಲೆ ಅವರು ಬರೆದ ಯಾವ ಸಾಲನ್ನೂ ಅವರ ಮನಸ್ಸು ನಂಬಲಿಲ್ಲ, ಮತ್ತೆ ನಂಬಿಕೆ ಬರೋಕೆ ಒಂದು ತಿಂಗಳ ಮೇಲೆ ಹಿಡೀತು. ಹಾಗಾಗಿ ಪುಸ್ತಕ ಒಂದೇ ಇರ್ಲಿ, ಇಡೋ ಜಾಗ ಒಂದೇ ಇರ್ಲಿ, ಬೆಳಿಗ್ಗೆ ಕಾಫಿ ಸೋಸೋವಾಗ ಎದುರಿಗೆ ಕಾಣೋ ಜಾಗ ಆದ್ರೆ ಒಳ್ಳೇದು. ಕಡೇ ದಿನಾಂಕ ಇರೋದಕ್ಕೆ ಮೊಬೈಲಲ್ಲಿ ಅಲಾರಂ ಕೂಡ ಇಡಿ.

ಪ್ಲಾನ್ ಸರಿ ಇದ್ಯಾ ಇಲ್ವಾ ಅಂತ ಹೇಗೆ ಗೊತ್ತಾಗತ್ತೆ ಅಂದ್ರೆ, ಮತ್ತೆ ಬರೋ ಯೋಚನೆ ಏನು ಕೇಳತ್ತೆ ಅಂತ ನೋಡಿ. "ಯಾವಾಗ ಮಾಡ್ತೀಯ" ಅಂತ ಬಂದ್ರೆ ನೀವು ಬರೆದಿರೋ ಹೊತ್ತು ಸಡಿಲ ಇದೆ. "ಹೇಗೆ ಮಾಡ್ತೀಯ" ಅಂತ ಬಂದ್ರೆ ಮೊದಲ ಹೆಜ್ಜೆ ಇನ್ನೂ ದೊಡ್ಡದಿದೆ, ಮುರೀಬೇಕು. "ಅವನು ಒಪ್ಪದೇ ಇದ್ರೆ" ಅಂತ ಬಂದ್ರೆ, ಇದ್ರೆ ಏನು ಮಾಡ್ತೀನಿ ಅನ್ನೋ ಸಾಲು ಸೇರಿಸ್ಬೇಕು, ಮೇಲೆ ನಾನು ಸೇರಿಸಿರೋ ಥರ.

ಇದ್ಯಾವುದೂ ಅಲ್ದೇ "ಅಪ್ಪನ್ನ ಇನ್ನೊಂದು ವಾರ ಮುಂಚೆ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ" ಅಂತ ಬಂದ್ರೆ, ಅದಕ್ಕೆ ಬರೆಯೋ ಪ್ಲಾನ್ ಇಲ್ಲ. ಅದು ಬಾಕಿ ಕೆಲಸ ಅಲ್ಲ, ದುಃಖ. ಎಂಟು ತಿಂಗಳು ಅಂದ್ರೆ ಇನ್ನೂ ವರ್ಷದ ತಿಥಿ ಕೂಡ ಆಗಿಲ್ಲ. ಅಪ್ಪನ ಹೆಸರನ್ನ ಪಹಣಿಯಿಂದ ತೆಗೆಸೋ ಅರ್ಜಿಗೆ ಸಹಿ ಹಾಕೋಕೆ ಕೈ ಬರ್ದೇ ಇರೋದು ಸೋಮಾರಿತನ ಅಲ್ಲ, ಟೈಮ್ ಇಲ್ದೇ ಇರೋದೂ ಅಲ್ಲ. ಹೀಗೇನಾದ್ರೂ ಇದ್ರೆ ಆ ಶನಿವಾರ ಊರಿಗೆ ಒಬ್ಬರೇ ಹೋಗ್ಬೇಡಿ, ಅಮ್ಮನ್ನೋ ಮನೆಯವರನ್ನೋ ಕರ್ಕೊಂಡು ಹೋಗಿ, ಮನೆಗೆ ಬಂದ್ಮೇಲೆ ಅಪ್ಪನ ಬಗ್ಗೆ ಮಾತಾಡಿ, ಅಳು ಬಂದ್ರೆ ಅಳಿ.

ಮತ್ತೆ ಯಾವಾಗ ಪುಸ್ತಕ ಪಕ್ಕಕ್ಕಿಟ್ಟು ಯಾರನ್ನಾದ್ರೂ ಕಾಣ್ಬೇಕು ಅಂದ್ರೆ: ವಾರಕ್ಕೆ ಮೂರು ರಾತ್ರಿನೋ ಅದಕ್ಕಿಂತ ಹೆಚ್ಚೋ ನಿದ್ದೆ ಕೆಟ್ಟು ಅದು ಮೂರು ತಿಂಗಳು ದಾಟಿದ್ರೆ, ಎರಡು ವಾರ ಬಿಡದೇ ಮನಸ್ಸು ಕುಗ್ಗಿ ಯಾವುದ್ರಲ್ಲೂ ಆಸಕ್ತಿ ಇಲ್ದೇ ಹೋದ್ರೆ, ಅಥ್ವಾ ಮಾಡಿ ಮುಗಿಸಿದ ಕೆಲಸವೂ ಮುಗಿದಿಲ್ಲ ಅನ್ನಿಸಿ ಬಾಗ್ಲು ಗ್ಯಾಸ್ ಮತ್ತೆ ಮತ್ತೆ ನೋಡೋ ಹಾಗಾದ್ರೆ. ಈ ಕಡೇದರಲ್ಲಿ ಪಟ್ಟಿ ಬರೆಯೋದು ತೊಂದರೆಯನ್ನ ಜಾಸ್ತಿ ಮಾಡಬಹುದು, ಪಟ್ಟಿಯನ್ನೇ ಹತ್ತು ಸಲ ನೋಡೋ ಹಾಗಾಗತ್ತೆ. ಹತ್ತಿರದಲ್ಲಿ ಯಾರೂ ಗೊತ್ತಿಲ್ಲ ಅಂದ್ರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಇರತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇನ್ನು ಬದುಕೋದೇ ಬೇಡ ಅನ್ನೋ ಯೋಚನೆ ಒಂದ್ಸಲ ಬಂದ್ರೂ ಈ ವಾರ ತಿಂಗಳ ಲೆಕ್ಕಕ್ಕೆ ಕಾಯ್ಬೇಡಿ, ಆವತ್ತೇ ಫೋನ್ ಮಾಡಿ, ಮನೆಯವರಿಗೂ ಹೇಳಿ.

ಇವತ್ತು ಸಂಜೆ ಏಳಕ್ಕೆ ಮೊದಲನೇ ಪುಟ ಬರೀರಿ. ಮೇಲ್ಗಡೆ ಪೌತಿ ಖಾತೆ ಬೇಡ, ಐದನೇ ಸಾಲಿಂದ ಶುರು ಮಾಡಿ, "ಅಣ್ಣ" ಅನ್ನೋದರ ಮುಂದಿನ ಚುಕ್ಕೆ ಅಳಿಸಿ, ಯಾವ ದಿನ, ಎಷ್ಟು ಹೊತ್ತಿಗೆ, ಮೊದಲ ಮಾತು ಏನು ಅಂತ ಬರೆದು ನೋಡಿ.